ಪೇಢೆ ಇಲ್ಲದ ಪಾರ್ಸೆಲ್ಲಿನೊಳಗೆ ಒಂದು ಪತ್ರ

ಧಾರವಾಡದಿಂದ ಜರ್ಮನಿಗೆ ತಿಂಡಿಯ ಪಾರ್ಸೆಲ್ ಕಳಿಸಲು ಹೊರಟವರಿಗೆ ಮೊದಲ ಪೆಟ್ಟು ಬೀಳುವುದು ಪೇಢೆಯ ವಿಷಯದಲ್ಲಿ. ಊರಿನ ಹೆಸರು ಹೊತ್ತ ತಿನಿಸೇ ಆ ದೇಶಕ್ಕೆ ಅಂಚೆಯಲ್ಲಿ ಹೋಗುವ ಹಾಗಿಲ್ಲ. ಬೆಳಗಾವಿಯವರ ಕುಂದಾಕ್ಕೂ ಮನೆಯ ತುಪ್ಪದ ಡಬ್ಬಿಗೂ ಇದೇ ಗತಿ. ಹೊರದೇಶದಿಂದ ಖಾಸಗಿಯವರು ಕಳಿಸುವ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಐರೋಪ್ಯ ಒಕ್ಕೂಟ ಒಳಗೆ ಬಿಡುವುದಿಲ್ಲ. ಅವುಗಳ ಜೊತೆ ಕಾಲುಬಾಯಿ ಬೇನೆಯಂಥ ದನಕರುಗಳ ರೋಗ ಬಂದೀತೆಂಬುದು ಅವರ ಭಯ. ಹಸಿ ಕರಿಬೇವಿನ ಎಸಳೂ ಬೇಡ. ತಾಜಾ ಸೊಪ್ಪಿನ ಜೊತೆ ಕೀಟ, ರೋಗ ಹೋಗುತ್ತವೆ. ಹುರಿದು ಚಟ್ನಿಪುಡಿಯಲ್ಲಿ ಕುಟ್ಟಿ ಹಾಕಿದ ಕರಿಬೇವಿನದು ಬೇರೆ ಮಾತು.

ಹಾಗಾದರೆ ಉಳಿಯುವುದೇನು? ಉತ್ತರ ಕರ್ನಾಟಕದ ಅಡುಗೆಮನೆಗೆ ಇದು ಅಂಥ ಕಷ್ಟದ ಪ್ರಶ್ನೆಯಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ಕಡಕ್ ರೊಟ್ಟಿ, ನಾಲ್ಕಾರು ಬಗೆಯ ಚಟ್ನಿಪುಡಿ: ಹಾಲು, ನೀರು ಎರಡೂ ಇಲ್ಲದ ತಿನಿಸುಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದರಲ್ಲೂ ನಾಗರಪಂಚಮಿ ಈ ಭಾಗದಲ್ಲಿ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುವ ಹಬ್ಬ. ಕರೆಯಲು ಬರಬೇಕಾದವನು ಆಖೆನ್‌ನಲ್ಲೋ ಡ್ರೆಸ್ಡೆನ್‌ನಲ್ಲೋ ಓದುತ್ತಿದ್ದರೆ, ಉಂಡಿಯೇ ಅವನನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಪಾರ್ಸೆಲ್ ಜೊತೆ ಎರಡು ಬರಹಗಳು ಪ್ರಯಾಣ ಮಾಡುತ್ತವೆ. ಪೆಟ್ಟಿಗೆಯ ಹೊರಗಿನದು ಕಸ್ಟಮ್ಸ್ ಘೋಷಣೆಯ ಫಾರ್ಮ್, ದೊಡ್ಡ ಪಾರ್ಸೆಲ್ಲಿಗೆ ಸಿಎನ್ 23 ಎಂಬುದು. ಒಳಗಿನದು ಪತ್ರ. ಒಳಗಿನದನ್ನು ಬರೆಯಲು ಕೂರುವ ಮೊದಲು ಹೊರಗಿನದನ್ನು ನೆಟ್ಟಗೆ ಮಾಡಬೇಕು. ಎಷ್ಟೋ ಮನೆಗಳಲ್ಲಿ ಅದರ ಮೇಲೆ ‘ಸ್ವೀಟ್ಸ್’ ಎಂದಷ್ಟೇ ಬರೆದು ಮುಗಿಸುತ್ತಾರೆ. ಅಲ್ಲಿಯ ಅಧಿಕಾರಿಗೆ ಅದನ್ನು ಓದಿದೊಡನೆ ಬರುವ ಅನುಮಾನ ಹಾಲಿನದೇ. ‘ಶೇಂಗಾ ಮತ್ತು ಬೆಲ್ಲದ ಉಂಡೆ, ಹಾಲಿಲ್ಲ, ಅರ್ಧ ಕಿಲೊ’ ಎಂಬುದನ್ನು ಇಂಗ್ಲಿಷಿನಲ್ಲಿ ಬಿಡಿಸಿ ಬರೆದರೆ ಆ ಅನುಮಾನಕ್ಕೆ ಅಲ್ಲೇ ಉತ್ತರ ಸಿಗುತ್ತದೆ. ಅಜ್ಜಿಯ ಕಷಾಯದ ಪುಡಿಯನ್ನು ‘ಔಷಧ’ ಎಂದು ಬರೆಯಬೇಡಿ. ಖಾಸಗಿಯವರಿಗೆ ಹೊರಗಿನಿಂದ ಅಂಚೆಯಲ್ಲಿ ಔಷಧ ಬರುವುದನ್ನು ಜರ್ಮನಿ ಒಪ್ಪುವುದಿಲ್ಲ. ಅದರಲ್ಲಿರುವುದು ಕೊತ್ತಂಬರಿ ಬೀಜ, ಜೀರಿಗೆ, ಮೆಣಸು ಆಗಿದ್ದರೆ ಅದನ್ನೇ ಬರೆಯಿರಿ. ಅದೇ ನಿಜವೂ ಹೌದು.

ಬೆಲೆಯ ಅಂಕಣದಲ್ಲಿ ಸೊನ್ನೆ ಹಾಕುವುದು ಇನ್ನೊಂದು ಅಭ್ಯಾಸ. ಮನೆಯಲ್ಲೇ ಮಾಡಿದ್ದಲ್ಲವೇ, ಅದಕ್ಕೇನು ಬೆಲೆ ಎಂಬುದು ವಾದ. ಸೊನ್ನೆಯನ್ನು ಯಾವ ಕಸ್ಟಮ್ಸಿನವರೂ ನಂಬುವುದಿಲ್ಲ. ಶೇಂಗಾ, ಬೆಲ್ಲ, ಎಳ್ಳಿಗೆ ಕೊಟ್ಟ ಹಣವನ್ನಾದರೂ ಲೆಕ್ಕ ಹಾಕಿ ಬರೆಯಬೇಕು. ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಅಪರೂಪಕ್ಕೊಮ್ಮೆ ಕಳಿಸುವ ಉಡುಗೊರೆ 45 ಯೂರೊ ಒಳಗಿದ್ದರೆ, ಅಂದರೆ ನಾಲ್ಕೂವರೆ ಸಾವಿರ ರೂಪಾಯಿ ಆಸುಪಾಸಿನಲ್ಲಿದ್ದರೆ, ಅಲ್ಲಿ ಸುಂಕವಿಲ್ಲ. ಮಲೆನಾಡಿನ ಮನೆಗಳಿಗೆ ಒಂದು ಮಾತು: ಜರ್ಮನಿಯಲ್ಲಿ ಕಾಫಿಗೇ ಬೇರೆ ತೆರಿಗೆ ಉಂಟು. ಉಡುಗೊರೆಯಾಗಿ ಅರ್ಧ ಕಿಲೊ ಪುಡಿಯವರೆಗೆ ಮಾತ್ರ ವಿನಾಯಿತಿ.

ಇಷ್ಟಾದರೂ ಪಾರ್ಸೆಲ್ ಸೀದಾ ಬಾಗಿಲಿಗೆ ಬರುತ್ತದೆಂದು ಹೇಳಲಾಗದು. ಅನುಮಾನ ಬಂದರೆ ಹುಡುಗನಿಗೆ ಒಂದು ಕಾಗದ ಬರುತ್ತದೆ. ಅವನು ಕಸ್ಟಮ್ಸ್ ಕಚೇರಿಗೆ ಹೋಗಿ, ಅಧಿಕಾರಿಯ ಎದುರು ಪೆಟ್ಟಿಗೆ ಬಿಚ್ಚಿ, ಒಂದೊಂದೂ ಏನೆಂದು ಹೇಳಬೇಕು. ಒಳಗಿನ ಪತ್ರ ಓದುವ ಮೊದಲೇ ಅವನಿಗೆ ಒಳಗೇನಿದೆಯೆಂದು ಗೊತ್ತಿರಬೇಕಾಗುತ್ತದೆ. ಆದ್ದರಿಂದ ಫಾರ್ಮಿನ ಫೋಟೊವನ್ನು ಕಳಿಸಿದ ದಿನವೇ ವಾಟ್ಸಾಪಿನಲ್ಲಿ ಹಾಕಿಬಿಡಿ. ವಿಳಾಸದ ಹೆಸರು ಅವನ ಅಂಚೆಪೆಟ್ಟಿಗೆಯ ಮೇಲಿನ ಹೆಸರಿಗೆ ಅಕ್ಷರಶಃ ಹೊಂದಬೇಕು. ಜರ್ಮನಿಯ ವಸತಿ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಅಂಚೆಯವನು ನೋಡುವುದು ಗಂಟೆಯ ಮೇಲಿನ, ಪೆಟ್ಟಿಗೆಯ ಮೇಲಿನ ಹೆಸರನ್ನು, ಮನೆ ನಂಬರನ್ನಲ್ಲ. ಪ್ರೀತಿಯ ಹೆಸರಿಗೆ ಕಳಿಸಿದ ಪಾರ್ಸೆಲ್ ಧಾರವಾಡಕ್ಕೇ ಹಿಂತಿರುಗಿದರೆ ಯಾರನ್ನೂ ದೂರುವಂತಿಲ್ಲ.

ತುಂಬುವ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಹಾಳು ಮಾಡುವುದು ಅವಸರ. ಉಂಡಿ ಒಂಚೂರು ಬೆಚ್ಚಗಿರುವಾಗಲೇ ಪ್ಯಾಕೆಟ್ ಮುಚ್ಚಿದರೆ ಒಳಗಿನ ಆವಿ ತಣಿದು ಹನಿಯಾಗುತ್ತದೆ, ಆ ಹನಿ ಬಿದ್ದಲ್ಲೇ ಬೂಸು ಹಿಡಿಯುತ್ತದೆ. ರಾತ್ರಿ ಕಟ್ಟಿದ ಉಂಡಿಯನ್ನು ಬೆಳಿಗ್ಗೆಯೇ ಪ್ಯಾಕ್ ಮಾಡಬೇಕು. ಚಟ್ನಿಪುಡಿಗಳ ಶತ್ರು ಬೇರೆ. ಶೇಂಗಾ, ಗುರೆಳ್ಳು, ಅಗಸಿ ಎಲ್ಲ ಎಣ್ಣೆಕಾಳುಗಳು. ಪುಡಿಯಾದ ಮೇಲೆ ಗಾಳಿ ತಗುಲಿ ಆ ಎಣ್ಣೆ ಕಮಟುತ್ತದೆ. ಎಲ್ಲಕ್ಕಿಂತ ಬೇಗ ಕೆಡುವುದು ಅಗಸಿ. ಅಗಸೆ ಎಣ್ಣೆಯನ್ನು ಬಣ್ಣಕ್ಕೆ ಬೆರೆಸುತ್ತಾರಲ್ಲ, ಕೆಟ್ಟ ಅಗಸಿ ಚಟ್ನಿ ಬಾಗಿಲಿಗೆ ಬಣ್ಣ ಹೊಡೆದ ಮನೆಯ ಹಾಗೇ ನಾರುತ್ತದೆ.

ಅಂಚೆ ಹತ್ತು ದಿನಕ್ಕೂ ತಲುಪೀತು, ತಿಂಗಳೂ ಹಿಡಿದೀತು. ಪತ್ರಕ್ಕೆ ನಿಜವಾದ ಕೆಲಸ ಬರುವುದು ಇಲ್ಲಿ: ಯಾವುದು ಯಾವುದೆಂದು ಹೇಳುವುದು, ಯಾವುದನ್ನು ಮೊದಲು ತಿನ್ನಬೇಕೆಂದು ಹೇಳುವುದು, ಯಾವುದು ಯಾಕೆ ಬಂದಿಲ್ಲವೆಂದು ಹೇಳುವುದು. ಹಾಗಾಗಿ ಪೆಟ್ಟಿಗೆ ತುಂಬಿದ ಮೇಲೆಯೇ ಅದನ್ನು ಬರೆಯಬೇಕು. ಮೊದಲೇ ಬರೆದಿಟ್ಟರೆ, ತೂಕ ಹೆಚ್ಚಾಯಿತೆಂದು ಕೊನೆಗೆ ತೆಗೆದಿಟ್ಟ ಉಪ್ಪಿನಕಾಯಿಯನ್ನು ಹುಡುಗ ಅಲ್ಲಿ ಪೆಟ್ಟಿಗೆಯ ಮೂಲೆಮೂಲೆಯಲ್ಲಿ ಹುಡುಕುತ್ತಾನೆ.

ಧಾರವಾಡದ ಒಬ್ಬ ಅಕ್ಕ ಆಖೆನ್‌ನಲ್ಲಿ ಎಂ.ಎಸ್. ಓದುತ್ತಿರುವ ತಮ್ಮನಿಗೆ ಬರೆದರೆ ಅದು ಹೇಗಿದ್ದೀತು ಎಂಬುದಕ್ಕೆ ನಾನೇ ಕಟ್ಟಿದ ಒಂದು ಮಾದರಿ ಇಲ್ಲಿದೆ.

“ಚಿರಂಜೀವಿ ವಿನೂಗ ಅಕ್ಕನ ಆಶೀರ್ವಾದ.

ಮೊದಲ ಬೈಗಳ ತಿಂದ್ಬಿಡತೀನಿ: ಪೇಢೆ ಇಲ್ಲ. ಹಾಲಿಂದು ಏನೂ ಬಿಡೂದಿಲ್ಲಂತ. ಅಪ್ಪಗ ಇದು ಇನ್ನೂ ನಂಬಿಕಿ ಬಂದಿಲ್ಲ. ನೀ ಊರಿಗೆ ಬಂದಾಗ ಬೇಕಾದಷ್ಟು ತಿನ್ನು.

ಕೆಂಪು ದಾರ ಕಟ್ಟಿದ ಪ್ಯಾಕೆಟ್ ಅಗಸಿ ಚಟ್ನಿ. ಅದನ್ನ ಮೊದಲ ತೆಗದು ಫ್ರೀಜರಿನ್ಯಾಗ ಇಡು, ಮೊದಲ ಅದನ್ನ ಖಾಲಿ ಮಾಡು. ಮೂಸಿ ನೋಡು, ಪೇಂಟ್ ವಾಸನಿ ಬಂದ್ರ ಅವ್ವ ಮಾಡಿದ್ದು ಅಂತ ಮರುಗಬ್ಯಾಡ, ಚೆಲ್ಲಿಬಿಡು. ಹಸರ ದಾರದ್ದು ಶೇಂಗಾ ಚಟ್ನಿ, ದಾರ ಇಲ್ಲದ್ದು ಗುರೆಳ್ಳು. ಮಾಡಿದ ತಾರೀಖು ಎಲ್ಲಾದರ ಮ್ಯಾಲೂ ಬರದೇನಿ.

ಸ್ಟೀಲ್ ಡಬ್ಬಿಯೊಳಗ ಕಡಕ್ ರೊಟ್ಟಿ ಅದಾವು. ನಾ ಇಟ್ಟಾಗ ಇಪ್ಪತ್ತು ಇದ್ದುವು, ನಿನ್ನ ಕೈ ಸೇರೂದ್ರಾಗ ನೂರು ಆಗಿರತಾವು. ಚೂರನ್ನ ಬ್ಯಾಳಿ ಸಾರಿನ್ಯಾಗ ನೆನಸಿ ತಿನ್ನು, ಸಣ್ಣಾಂವ ಇದ್ದಾಗ ತಿಂತಿದ್ದಿ.

ಉಂಡಿ ಎರಡು ಥರ, ಶೇಂಗಾ ಮತ್ತ ಎಳ್ಳು. ಪಂಚಮಿಗಂತ ಅವ್ವ ಕಟ್ಯಾಳ. ಈ ಸಲ ಪಾಕ ಹಾಕಿಲ್ಲ, ಬೆಲ್ಲ ಕೂಡಿಸಿ ಕುಟ್ಟಿ ಕಟ್ಟಿದ್ದು, ಅದಕ್ಕ ಮೆತ್ತಗ ಅದಾವು. ನಿನ್ನ ರೂಮಿನ ಹುಡುಗರಿಗೆ ಕೊಡು, ಆದ್ರ ಕೊಡೂಕಿಂತ ಮೊದಲ ಶೇಂಗಾ ತಿಂದ್ರ ನಡೀತದೇನಂತ ಒಬ್ಬೊಬ್ಬರನ್ನೂ ಕೇಳು. ಚಟ್ನಿಗೂ ಇದ ಮಾತು.

ಎಲ್ಲಾದಕ್ಕೂ ಸುತ್ತಿದ್ದು ಕೌದಿ. ಅವ್ವನ ಆ ನೀಲಿ ಇಲಕಲ್ಲ ಸೀರಿ ಗುರ್ತ ಹಿಡೀತಿ ನೋಡು, ನಡುವಿನ ಚೌಕ ಅದರದ್ದು. ಪ್ಲಾಸ್ಟಿಕಿನ್ಯಾಗ ಹಾಕೇನಿ, ಆದ್ರೂ ಖಾರದ ವಾಸನಿ ಬಂದ್ರ ಒಂದು ದಿನ ಕಿಡಕಿಗೆ ಹಾಕು.

ಬಾಜೂ ಮನಿ ಕಾಕೂ ಮ್ಯೂನಿಕ್ಕಿನ್ಯಾಗ ಇರೂ ಮಗಗ ಒಂದು ಚೀಟಿ ಕೊಟ್ಟಿದ್ರು. ಬ್ಯಾರೆದವರ ಪತ್ರ ಪಾರ್ಸೆಲ್ಲಿನ್ಯಾಗ ಇಡಬಾರದಂತ. ಅದರ ಫೋಟೊ ಅವಂಗ ಕಳಿಸೇನಿ, ಎರಡು ಉಂಡಿ ನೀ ಮುಟ್ಟಿಸು. ನೂರಾ ಒಂದು ರೂಪಾಯಿ ಇಡು ಅಂತ ಅಜ್ಜಿ ಗಂಟುಬಿದ್ದಿದ್ಳು. ರೊಕ್ಕನೂ ಇಡಬಾರದು. ನಿನ್ನ ಹೆಸರಿಲೆ ದೇವರ ಮನ್ಯಾಗ ಇಟ್ಟಾಳ.

ಯಾವುದು ಛಲೋ ಬಂತು, ಯಾವುದು ಕೆಟ್ಟಿತ್ತು, ಬರದು ತಿಳಸು.

ನಿನ್ನ ಅಕ್ಕ”

ಈ ಪತ್ರದಲ್ಲಿ ‘ನಿನ್ನ ನೆನಪಾಗುತ್ತದೆ’ ಎಂಬ ಮಾತು ಎಲ್ಲೂ ಇಲ್ಲ. ಅದನ್ನು ಹೇಳುವ ಕೆಲಸ ಕೌದಿಗೆ ಬಿಟ್ಟಿದ್ದೇನೆ. ಬರೆಯಬೇಕೆನ್ನಿಸಿದವರು ಧಾರಾಳವಾಗಿ ಬರೆಯಲಿ. ಆದರೆ ‘ಅವ್ವನಿಗೆ ಎರಡು ದಿನದಿಂದ ಜ್ವರ’ ಎಂಬಂಥ ಸುದ್ದಿಯನ್ನು ಮಾತ್ರ ಬರೆಯಬೇಡಿ. ಜ್ವರ ಇಳಿದು ಅವ್ವ ಎದ್ದು ಓಡಾಡುವ ಹೊತ್ತಿಗೆ ಪತ್ರ ತಲುಪುತ್ತದೆ, ಓದಿದವನು ಆ ರಾತ್ರಿ ನಿದ್ದೆಗೆಡುತ್ತಾನೆ. ಅಂಥ ಸುದ್ದಿಗೆ ಫೋನಿದೆ. ತಿಂಗಳು ಕಳೆದರೂ ಹಳಸದ ಮಾತು ಮಾತ್ರ ಪಾರ್ಸೆಲ್ಲಿಗೆ ಸಲ್ಲುತ್ತದೆ.

ಚೀಟಿಯ ವಿಷಯದಲ್ಲಿ ಅಕ್ಕ ಹೇಳಿದ್ದು ಸರಿ. ಕಳಿಸುವವರಿಂದ ಪಡೆಯುವವನಿಗೆ ಬರೆದ ಪತ್ರ ಪಾರ್ಸೆಲ್ಲಿನಲ್ಲಿ ಇರಬಹುದು. ಬೇರೆ ಮನೆಯವರು ಬೇರೆ ಮನೆಯವರಿಗೆ ಬರೆದದ್ದು ಇರಬಾರದೆಂಬುದು ಅಂತರರಾಷ್ಟ್ರೀಯ ಅಂಚೆಯ ನಿಯಮ. ಓಣಿಯವರೆಲ್ಲ ಒಂದೊಂದು ಲಕೋಟೆ ತಂದುಕೊಡುವ ನಮ್ಮ ಊರುಗಳಲ್ಲಿ ಇದನ್ನು ಹೇಳಿ ಒಪ್ಪಿಸುವುದು ಪೇಢೆಯ ವಿಷಯ ಒಪ್ಪಿಸುವುದಕ್ಕಿಂತ ಕಷ್ಟ. ಅವರ ಮಾತನ್ನು ನಿಮ್ಮ ಪತ್ರದಲ್ಲೇ ಎರಡು ಸಾಲು ಸೇರಿಸುವುದು ದಾರಿ.

ಶೇಂಗಾದ ಎಚ್ಚರಿಕೆಯೂ ಸುಮ್ಮನೆ ಅಲ್ಲ. ಹಂಚಿಕೊಂಡ ಅಡುಗೆಮನೆಯಲ್ಲಿ ಯಾರಿಗಾದರೂ ಅದರ ಅಲರ್ಜಿ ಇದ್ದರೆ ಒಂದು ತುತ್ತು ಉಂಡಿಯೂ ಪ್ರಾಣಕ್ಕೆ ಬರಬಹುದು. ಅಂಗಡಿಯ ಪೊಟ್ಟಣದ ಮೇಲೆ ಅಚ್ಚಾಗಿರುವ ಎಚ್ಚರಿಕೆ ಮನೆಯ ತಿನಿಸಿನ ಮೇಲೆ ಇರುವುದಿಲ್ಲ, ಅದನ್ನು ಪತ್ರವೇ ಹೇಳಬೇಕು.

ಕಾಗದವನ್ನು ಪೆಟ್ಟಿಗೆಯ ತಳದಲ್ಲಿಡದೆ, ಜಿಪ್ ಕವರಿನೊಳಗೆ ಹಾಕಿ ಎಲ್ಲಕ್ಕಿಂತ ಮೇಲಿಡಿ. ಶೇಂಗಾ ಚಟ್ನಿಯ ಎಣ್ಣೆ ಒಸರಿದರೆ ಮೊದಲು ಮಾಯವಾಗುವುದು ಪೆನ್ನಿನ ಅಕ್ಷರ. ಇನ್ನು ತಮ್ಮನ ಉತ್ತರ ಬಂದಾಗ ‘ಎಲ್ಲಾ ಛಲೋ ಇತ್ತು’ ಎಂದಷ್ಟೇ ಇದ್ದರೆ ಬಿಡಬೇಡಿ. ಅಗಸಿ ಚಟ್ನಿ ಎಷ್ಟನೆಯ ದಿನಕ್ಕೆ ವಾಸನೆ ಬಂತು, ಪಾಕ ಹಾಕದ ಉಂಡಿ ಪುಡಿಯಾಯಿತೇ, ಕಸ್ಟಮ್ಸಿನವರು ಏನು ಕೇಳಿದರು ಎಂದು ಬಿಡಿಸಿ ಕೇಳಿ. ದೀಪಾವಳಿಯ ಪಾರ್ಸೆಲ್ಲಿನಲ್ಲಿ ಏನಿರಬೇಕೆಂಬುದು ಆ ಉತ್ತರದ ಮೇಲೆ ನಿಂತಿದೆ.