ನಿಮಗಿದು ಗೊತ್ತೇ? ನಿಯಾನ್ ಬೋರ್ಡಿನ ಅಕ್ಷರ ಬದಲಿಸುವ ಗುಟ್ಟು

ಕೆಂಪು ನಿಯಾನ್ ಬೋರ್ಡಿನ ಫೋಟೋವನ್ನು ಹಿಗ್ಗಿಸಿ ನೋಡಿದರೆ ಕೊಳವೆಯ ನಡುಭಾಗ ಸಾಮಾನ್ಯವಾಗಿ ಕೆಂಪಾಗಿರುವುದೇ ಇಲ್ಲ, ಗೊತ್ತೇ? ಅಲ್ಲಿ ಬಿಳಿ ಅಥವಾ ಬಿಳಿಚಿದ ಹಳದಿ ಕಾಣುತ್ತದೆ. ಕ್ಯಾಮೆರಾ ತಾಳುವುದಕ್ಕಿಂತ ಹೆಚ್ಚು ಬೆಳಕು ಬಿದ್ದು ಬಣ್ಣ ತೊಳೆದುಹೋಗಿರುತ್ತದೆ. ಕೆಂಪೆಲ್ಲ ಇರುವುದು ಅಂಚಿನಲ್ಲಿ, ಸುತ್ತಲ ಪ್ರಭೆಯಲ್ಲಿ, ಹಿಂದಿನ ಗೋಡೆಯಲ್ಲಿ. ಹೊಸ ಅಕ್ಷರವನ್ನು ಕಡುಗೆಂಪಿನಲ್ಲಿ ಬರೆದರೆ ಅದು ಬಣ್ಣ ಬಳಿದ ಹಲಗೆಯಾಗುತ್ತದೆ, ದೀಪವಾಗುವುದಿಲ್ಲ.

ನಿಯಾನ್ ಅನಿಲ ಕೊಡುವುದು ಕಿತ್ತಳೆಗೆಂಪು ಬೆಳಕನ್ನು ಮಾತ್ರ. ಪ್ಯಾರಿಸ್‌ನಲ್ಲಿ 1910ರಲ್ಲಿ ಜಾರ್ಜ್ ಕ್ಲಾಡ್ ತೋರಿಸಿದ್ದೂ ಅದನ್ನೇ. ನೀಲಿ ಬೋರ್ಡಿನೊಳಗೆ ಇರುವುದು ಆರ್ಗಾನ್ ಮತ್ತು ಒಂದು ಹನಿ ಪಾದರಸ.

ಪ್ರಭೆ ಎಂದು ನಾವು ಕರೆಯುವುದು ಒಂದಲ್ಲ, ಎರಡು ಬೆಳಕು. ಒಂದು, ಗೋಡೆಗೆ ನಿಜವಾಗಿ ಬಿದ್ದ ಬೆಳಕು. ಅದರಲ್ಲಿ ಇಟ್ಟಿಗೆಯ ಒರಟು, ಗಾರೆಯ ಗೆರೆ ಕಾಣುತ್ತವೆ. ಕಪ್ಪು ಇಟ್ಟಿಗೆ ಕಡಿಮೆ ಹೊಳೆಯುತ್ತದೆ. ಇನ್ನೊಂದು, ಲೆನ್ಸಿನೊಳಗೆ ಚದುರಿದ ಮಬ್ಬು. ಅದು ಇಟ್ಟಿಗೆ, ವೈರು, ಕಂಬ ಯಾವುದನ್ನೂ ಲೆಕ್ಕಿಸದೆ ಎಲ್ಲದರ ಮೇಲೂ ಒಂದೇ ಸಮ ಹರಡಿರುತ್ತದೆ. ಹೊಸಬರು ಎಡವುವುದು ಇಲ್ಲೇ. ಎರಡನ್ನೂ ಒಂದೇ ಬ್ಲರ್‌ನಲ್ಲಿ ಮುಗಿಸಿದರೆ ಗೋಡೆಯ ಮುಂದೆ ಮಂಜು ಕವಿದಂತೆ ಕಾಣುತ್ತದೆ. ಮೊದಲನೆಯದನ್ನು ಗೋಡೆಯ ಚಿತ್ರದೊಂದಿಗೆ ಗುಣಿಸಬೇಕು, ಎರಡನೆಯದನ್ನು ಮೇಲಿನಿಂದ ಕೂಡಿಸಬೇಕು.

ಒಂದು ಉದಾಹರಣೆ ನೋಡೋಣ. ಇಟ್ಟಿಗೆ ಗೋಡೆಯ ಮೇಲೆ ಕೆಂಪು ‘ಬಾರ್’ ಇದೆ, ಅದನ್ನು ‘ಕಾಫಿ’ ಮಾಡಬೇಕು. (ಪರದೆಯ ಮೇಲಾದರೆ ಇದಕ್ಕೆ ಯಾರ ಅನುಮತಿಯೂ ಬೇಡ!) ಹಳೆಯ ಅಕ್ಷರದ ಜೊತೆ ಗೋಡೆಯ ಕೆಂಪನ್ನೆಲ್ಲ ಅಳಿಸಿಬಿಡುವುದು ದೊಡ್ಡ ತಪ್ಪು. ಕೊಳವೆಯನ್ನೂ ಅದರ ಆಚೀಚೆ ಮೂರು-ನಾಲ್ಕು ಕೊಳವೆ ದಪ್ಪದಷ್ಟು ಜಾಗವನ್ನೂ ಮಾತ್ರ ಕ್ಲೋನ್ ಮಾಡಿ ಮುಚ್ಚಿ. ಅದರಾಚೆಯ ಕೆಂಪು ಎಷ್ಟು ಹರಡಿರುತ್ತದೆಂದರೆ, ಅದು ಬಂದದ್ದು ಯಾವ ಅಕ್ಷರದಿಂದ ಎಂದು ಹೇಳಲಾಗದು. ಅದು ನಿಮಗೆ ಪುಕ್ಕಟೆ ಸಿಕ್ಕ ಅಸಲಿ ಬೆಳಕು, ಉಳಿಸಿಕೊಳ್ಳಿ.

ಹೊಸ ಪದವನ್ನು ಫಾಂಟಿನಿಂದ ಎತ್ತಿ ಇಡಬೇಡಿ. ಗಾಜಿನ ಕೊಳವೆಗೆ ಉದ್ದಕ್ಕೂ ಒಂದೇ ದಪ್ಪ, ಚೂಪು ಮೂಲೆಯಿಲ್ಲ. ದುಂಡಗಿನ ಕನ್ನಡ ಲಿಪಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ‘ಕಾ’ದಿಂದ ‘ಫಿ’ಗೆ ಕೊಳವೆ ದಾಟುವ ತುಂಡಿಗೆ ನಿಜವಾದ ಬೋರ್ಡಿನಲ್ಲಿ ಕಪ್ಪು ಬಣ್ಣ ಬಳಿದಿರುತ್ತಾರೆ, ಅದನ್ನು ಬರೆದರೆ ಅರ್ಧ ಕೆಲಸ ಮುಗಿದಂತೆ. ನಡುವಿನ ಬಿಳಿಗೆ ಬಣ್ಣವನ್ನು ಹಳೆಯ ಕೊಳವೆಯಿಂದಲೇ ಆರಿಸಿಕೊಳ್ಳಿ.

ಇನ್ನು ಮಬ್ಬನ್ನು ಕೂಡಿಸುವ ಲೆಕ್ಕ. 128 ಮತ್ತು 128 ಕೂಡಿದರೆ ಎಷ್ಟು? ಬೆಳಕಿನ ಲೆಕ್ಕದಲ್ಲಿ ಸುಮಾರು 175! ಫೋಟೋದಲ್ಲಿ 128 ಎಂಬ ಬೂದು ಬಣ್ಣ ಬಿಳಿಯ ಅರ್ಧದಷ್ಟು ಬೆಳಕಲ್ಲ, ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಹಾಗಾಗಿ ಫೋಟೋಶಾಪ್‌ನ ಸಾಮಾನ್ಯ 8 ಬಿಟ್ ಚಿತ್ರದಲ್ಲಿ Linear Dodge (Add) ಬಳಸಿದರೆ ಆ ಜಾಗ ನೇರ 255ಕ್ಕೆ ಹಾರಿ ಸುಟ್ಟುಹೋಗುತ್ತದೆ. Screen ಕೊಡುವುದು 192, ನಿಜಕ್ಕೆ ಹತ್ತಿರ. ಸರಿಯಾದ ದಾರಿ ಬೇಕೆಂದರೆ ಚಿತ್ರವನ್ನು 32 Bits/Channel ಮಾಡಿಕೊಂಡು, ಅಲ್ಲಿ Linear Dodge (Add) ಹಾಕಬೇಕು.

ಪ್ರಭೆಗೆ ಒಂದು ಬ್ಲರ್ ಸಾಲದು. ನಿಜವಾದ ಪ್ರಭೆ ಕೊಳವೆಯ ಬಳಿ ಕಡಿದಾಗಿ ಇಳಿದು, ಆಮೇಲೆ ಬಹುದೂರ ತೆಳುವಾಗಿ ಎಳೆಯುತ್ತದೆ. ಕೊಳವೆ 8 ಪಿಕ್ಸೆಲ್ ದಪ್ಪವಿದ್ದರೆ 4, 16, 64 ಪಿಕ್ಸೆಲ್‌ಗಳ ಮೂರು ಬ್ಲರ್ ಪದರ ಇಟ್ಟು, ದೊಡ್ಡದಾದಷ್ಟೂ ಮಂಕು ಮಾಡಿ. ಇವು ಆರಂಭದ ಅಂಕಿಗಳು. ಪಕ್ಕದಲ್ಲಿ ಅಳಿಸದ ಹಳೆಯ ಕೊಳವೆಯ ಚೂರಿದ್ದರೆ ಅದಕ್ಕೆ ಹೋಲಿಸಿ ತಿದ್ದಿಕೊಳ್ಳಿ.

ಕೊಳವೆ ಉದ್ದವಾದಷ್ಟೂ ಗೋಡೆಗೆ ಬೆಳಕು ಹೆಚ್ಚು. ಎರಡಕ್ಷರದ ಜಾಗದಲ್ಲಿ ಐದಕ್ಷರ ತುರುಕಿ ಗೋಡೆಯನ್ನು ಹಾಗೇ ಬಿಟ್ಟರೆ, ಏಕೆಂದು ತಿಳಿಯದಿದ್ದರೂ ನೋಡುವವರಿಗೆ ಇರುಸುಮುರುಸಾಗುತ್ತದೆ.

ಬೋರ್ಡಿನಲ್ಲಿ ‘ಕಾಫಿ’, ಒದ್ದೆ ರಸ್ತೆಯ ಪ್ರತಿಬಿಂಬದಲ್ಲಿ ‘ಬಾರ್’: ಹೆಚ್ಚಿನವರು ಸಿಕ್ಕಿಬೀಳುವುದು ಹೀಗೆ. ಕಿಟಕಿಯ ಗಾಜು, ನಿಂತ ಕಾರಿನ ಬಾನೆಟ್ಟನ್ನೂ ನೋಡಿ.

ಹೊಸ ಅಕ್ಷರ ಹಳೆಯ ಫೋಟೋಗಿಂತ ಚೂಪಾಗಿದ್ದರೂ ಗುಟ್ಟು ರಟ್ಟಾಗುತ್ತದೆ. ಸಾಮಾನ್ಯ ಸೆನ್ಸರ್‌ನಲ್ಲಿ ಕೆಂಪನ್ನು ಹಿಡಿಯುವುದು ನಾಲ್ಕರಲ್ಲಿ ಒಂದು ಪಿಕ್ಸೆಲ್ ಮಾತ್ರ. ಜೆಪೆಗ್ ಸಾಮಾನ್ಯವಾಗಿ ಬಣ್ಣದ ವಿವರವನ್ನು ಇನ್ನಷ್ಟು ಕತ್ತರಿಸುತ್ತದೆ. ಆದ್ದರಿಂದ ಅಸಲಿ ಕೆಂಪು ಅಂಚು ಯಾವಾಗಲೂ ಕೊಂಚ ಮೆದು. ಕೊನೆಯಲ್ಲಿ ಅರೆ ಪಿಕ್ಸೆಲ್‌ನಷ್ಟು ಬ್ಲರ್, ಮೇಲೆ ಫೋಟೋದಲ್ಲಿರುವಷ್ಟೇ ಗ್ರೇನ್ ಸೇರಿಸಿ.

ಕಳಿಸುವ ಮುನ್ನ ಎಕ್ಸ್‌ಪೋಷರ್ ಅನ್ನು ಒಮ್ಮೆ ಪೂರಾ ಏರಿಸಿ, ಒಮ್ಮೆ ಪೂರಾ ಇಳಿಸಿ ನೋಡಿ. ‘ಬಾರ್’ ಸರಿಯಾಗಿ ಅಳಿಯದೆ ಉಳಿದಿದ್ದರೆ ಆಗ ಗೋಡೆಯಲ್ಲಿ ಅದರ ನೆರಳಚ್ಚು ಎದ್ದು ಕಾಣುತ್ತದೆ.