ಮೂರು ಅಂಗಡಿ, ಒಂದೇ ಲೆಕ್ಕ

ಒಂದು ಬೇಕರಿಗೆ ಊರಲ್ಲಿ ಮೂರು ಅಂಗಡಿ ಎಂದುಕೊಳ್ಳಿ. ಒಂದೇ ಎಕ್ಸೆಲ್ ಫೈಲಿನಲ್ಲಿ ಅಂಗಡಿಗೊಂದು ಹಾಳೆ. ಎಡಗಡೆ ತಿನಿಸುಗಳ ಹೆಸರು, ಮೇಲೆ ಏಪ್ರಿಲ್, ಮೇ, ಜೂನ್. ಮೊದಲ ಅಂಗಡಿಯಲ್ಲಿ ಬನ್ ಮೊದಲ ಸಾಲಿನಲ್ಲಿದ್ದರೆ ಎರಡನೆಯದರಲ್ಲಿ ನಾಲ್ಕನೆಯದು. ಮೂರನೆಯ ಅಂಗಡಿಯಲ್ಲಿ ದಿಲ್ ಪಸಂದ್ ಮಾರುವುದೇ ಇಲ್ಲ. ಸಾಲುಗಳ ಜಾಗ ಹೀಗೆ ಅದಲುಬದಲಾಗಿರುವಾಗ ಸೂತ್ರ ಬರೆದು ಕೂಡಿಸಹೊರಟರೆ ಬನ್ನಿನ ಲೆಕ್ಕ ಬ್ರೆಡ್ಡಿಗೆ ಸೇರುತ್ತದೆ. Consolidate ಇರುವುದು ಇಂಥ ಕಡೆಗೇ.

ಹೊಸ ಹಾಳೆಯೊಂದನ್ನು ತೆರೆದು A1 ಮೇಲೆ ಕ್ಲಿಕ್ ಮಾಡಿ. Data ಪಟ್ಟಿಯಲ್ಲಿ Consolidate ಒತ್ತಿ, Function ಎಂಬಲ್ಲಿ Sum ಇರಲಿ. Reference ಪೆಟ್ಟಿಗೆಯಲ್ಲಿ ಕರ್ಸರ್ ಇಟ್ಟು, ಮೊದಲ ಅಂಗಡಿಯ ಕೋಷ್ಟಕವನ್ನು ತಲೆಬರಹದ ಸಮೇತ ಆರಿಸಿ Add ಒತ್ತಿ. ಉಳಿದೆರಡಕ್ಕೂ ಹೀಗೆಯೇ. ಆಮೇಲೆ Top row, Left column ಎರಡಕ್ಕೂ ಟಿಕ್ ಹಾಕಿ OK ಕೊಡಿ. ಟಿಕ್ ಮರೆತರೆ ಎಕ್ಸೆಲ್ ಹೆಸರು ನೋಡುವುದಿಲ್ಲ, ಜಾಗ ನೋಡಿ ಕೂಡಿಸುತ್ತದೆ. ಟಿಕ್ ಇದ್ದರೆ ಏಪ್ರಿಲಿನ 900, 750, 600 ಬನ್ನುಗಳು ಎಲ್ಲಿದ್ದರೂ ಒಂದೆಡೆ ಬಂದು 2250 ಆಗುತ್ತವೆ. ದಿಲ್ ಪಸಂದ್ ಎರಡೇ ಅಂಗಡಿಯದ್ದು, 160 ಮತ್ತು 140 ಸೇರಿ 300.

ತೊಂದರೆ ಶುರುವಾಗುವುದು ಎಡಗಡೆಯ ಕಾಲಮ್ಮಿನಿಂದ. ನಮ್ಮಲ್ಲಿ ಯಾವ ಪಟ್ಟಿ ಮಾಡಿದರೂ ಮೊದಲು ಕ್ರಮಸಂಖ್ಯೆ ಹಾಕದೆ ಸಮಾಧಾನವಿಲ್ಲ. ಅದನ್ನೂ ಸೇರಿಸಿ ಆರಿಸಿದರೆ ಎಕ್ಸೆಲ್ ಆ ಸಂಖ್ಯೆಯನ್ನೇ ಹೆಸರೆಂದು ಹಿಡಿದು, ಇಲ್ಲಿಯ 1ಕ್ಕೆ ಅಲ್ಲಿಯ 1 ಸೇರಿಸುತ್ತದೆ. ತಿನಿಸಿನ ಹೆಸರಿನ ಕಾಲಮ್ ಖಾಲಿ ಬರುತ್ತದೆ, ಎಡವಟ್ಟಾದದ್ದಕ್ಕೆ ಅದೇ ಗುರುತು. ಹಾಗಾಗಿ ಕ್ರಮಸಂಖ್ಯೆ ಬಿಟ್ಟು, ಹೆಸರಿನಿಂದಲೇ ಆರಿಸಿಕೊಳ್ಳಿ.

ಇನ್ನೊಂದು ತಪ್ಪು ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಒಬ್ಬರು 'ದಿಲ್ ಪಸಂದ್' ಎಂದು ಬಿಡಿಸಿ, ಇನ್ನೊಬ್ಬರು 'ದಿಲ್‌ಪಸಂದ್' ಎಂದು ಕೂಡಿಸಿ ಬರೆದಿದ್ದರೆ 300ರ ಒಂದು ಸಾಲಿನ ಬದಲು 160, 140ರ ಎರಡು ಸಾಲು ಬರುತ್ತವೆ. ಹೆಸರಿನ ಕೊನೆಗೆ ಒಂದು ಖಾಲಿ ಜಾಗ ಉಳಿದಿದ್ದರೂ ಇದೇ ಕಥೆ. ಒಟ್ಟು ಮೊತ್ತವನ್ನು ತಾಳೆ ನೋಡಿದರೆ ಇದು ಸಿಕ್ಕಿಬೀಳುವುದಿಲ್ಲ, ಏಕೆಂದರೆ ಮೊತ್ತ ಸರಿಯಾಗಿಯೇ ಇರುತ್ತದೆ. ಸಾಲುಗಳನ್ನು ಎಣಿಸಬೇಕು: ಮಾರುವುದು ಹನ್ನೆರಡು ತಿನಿಸು, ಬಂದದ್ದು ಹದಿಮೂರು ಸಾಲು ಎಂದರೆ ಯಾವುದೋ ಹೆಸರು ಒಡೆದಿದೆ. ಮೂಲ ಹಾಳೆಯಲ್ಲಿ ಹೆಸರು ತಿದ್ದಿ, ಮೊದಲು ಬಂದ ಫಲಿತಾಂಶ ಅಳಿಸಿ, ಮತ್ತೆ Consolidate ಒತ್ತಿ. ಆರಿಸಿದ ಜಾಗಗಳು ಪೆಟ್ಟಿಗೆಯಲ್ಲಿ ಹಾಗೆಯೇ ಇರುತ್ತವೆ.

ಹೀಗೆ ಬಂದ ಸಾರಾಂಶ ಬರೀ ಅಂಕಿಗಳು. ನಾಳೆ ಅಂಗಡಿಯ ಹಾಳೆಯಲ್ಲಿ ಮೇ ತಿಂಗಳ ಲೆಕ್ಕ ತಿದ್ದಿದರೆ ಇಲ್ಲಿ ತಾನಾಗಿ ಬದಲಾಗುವುದಿಲ್ಲ. ಬದಲಾಗಬೇಕೆಂದರೆ ಮೊದಲೇ Create links to source data ಟಿಕ್ ಮಾಡಿರಬೇಕು. ಆಗ ಅಂಚಿನಲ್ಲಿ + ಗುರುತುಗಳು ಬಂದು, ಒತ್ತಿದರೆ ಪ್ರತಿ ಅಂಗಡಿಯ ಪಾಲು ಬಿಡಿಬಿಡಿಯಾಗಿ ಕಾಣುತ್ತದೆ. ಆದರೆ ಕೋಷ್ಟಕದ ಕೆಳಗೆ ಹೊಸ ತಿನಿಸು ಸೇರಿಸಿದರೆ ಅದು ಈ ಕೊಂಡಿಯೊಳಗೆ ಬರುವುದಿಲ್ಲ. ಜಾಗವನ್ನು ದೊಡ್ಡದು ಮಾಡಿ ಮತ್ತೆ ಆರಿಸಲೇಬೇಕು.