ಹುಡುಗ ಕುಳ್ಳನಾ? ಅಪ್ಪ ಅಮ್ಮನನ್ನೂ ಅಳೆದು ನೋಡಿ

ಹೊಳೆನರಸೀಪುರದ ಮದುವೆಯೊಂದರಲ್ಲಿ ನೆಂಟರೊಬ್ಬರು ನಮ್ಮಕ್ಕನಿಗೆ, "ಇವ್ನು ಯಾಕಮ್ಮ ಬೆಳೀತಾನೇ ಇಲ್ಲ? ಹಾಸನಕ್ಕೆ ಕರ್ಕೊಂಡೋಗಿ ಹಾರ್ಮೋನ್ ಇಂಜೆಕ್ಷನ್ ಕೊಡ್ಸು" ಅಂದರು. ಅಕ್ಕನ ಮನೆ ಅರಕಲಗೂಡಿನಲ್ಲಿ. ಮಗನಿಗೆ 10 ವರ್ಷ, ಎತ್ತರ 124 ಸೆಂ.ಮೀ. ಅವತ್ತು ರಾತ್ರಿ ಅಕ್ಕ ನಿದ್ದೆ ಮಾಡಲಿಲ್ಲ. ನಾನು ಲೆಕ್ಕ ಹಾಕಲು ಕೂತೆ.

ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಪ್ರಕಾರ 10 ವರ್ಷದ ಹುಡುಗರ ನಡುವಿನ ಎತ್ತರ 137.8. ಮಕ್ಕಳು ಅದರ ಮೇಲೆ ಕೆಳಗೆ ಎಷ್ಟು ಹರಡಿಕೊಂಡಿರುತ್ತಾರೆ ಅನ್ನುವ ಅಳತೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, ಸುಮಾರು 6.4. ಮಗುವಿನ ಎತ್ತರದಿಂದ ನಡುವಿನ ಎತ್ತರ ಕಳೆದು, ಉಳಿದದ್ದನ್ನು 6.4ರಿಂದ ಭಾಗಿಸಿದರೆ ಎಸ್‌ಡಿ ಸ್ಕೋರ್. ನಮ್ಮ ಹುಡುಗನದ್ದು −2.16. ಮೈನಸ್ 2ಕ್ಕಿಂತ ಕೆಳಗೆ ಹೋದರೆ ಕುಳ್ಳು ಅಂತ ಬರೆದುಕೊಳ್ಳುತ್ತಾರೆ. ಗಾಬರಿ ಸಹಜ.

ಆದರೆ ಭಾವ 164, ಅಕ್ಕ 150. ಗಂಡು ಮಗುವಾದರೆ ಇಬ್ಬರ ಎತ್ತರ ಕೂಡಿಸಿ, 13 ಸೇರಿಸಿ, ಎರಡರಿಂದ ಭಾಗಿಸಬೇಕು. ಹೆಣ್ಣಾದರೆ 13 ಕಳೆಯಬೇಕು. ಬಂದದ್ದು 163.5. ದೊಡ್ಡವನಾದಾಗ ಆಸುಪಾಸು ಇಷ್ಟಾಗಬಹುದು ಅನ್ನುವ ಅಂದಾಜು ಇದು. ಇದನ್ನು ಬೆಳೆದ ಗಂಡಸರ ಅಂಕಿಗೆ (ನಡುವಿನ ಎತ್ತರ 176.5, ಹರಡು 7.3) ಹೋಲಿಸಿದರೆ −1.78. ಈಗ ಎರಡೂ ಒಂದೇ ತಕ್ಕಡಿಗೆ ಬಂದವು. ಮಗನಿಗೂ ಹೆತ್ತವರಿಗೂ ಅಂತರ ಬರೀ 0.38.

ಇನ್ನೊಬ್ಬ ಹುಡುಗ ಚನ್ನರಾಯಪಟ್ಟಣದವನು, ಗೆಳೆಯನ ಮಗ. ಅದೇ ವಯಸ್ಸು, 128 ಸೆಂ.ಮೀ., ಸ್ಕೋರ್ −1.53. ಪಟ್ಟಿ ನೋಡಿದರೆ ನಾರ್ಮಲ್, ಯಾರೂ ಏನೂ ಅಂದಿಲ್ಲ. ಆದರೆ ಅಪ್ಪ 180, ಅಮ್ಮ 164. ಅವರ ಸ್ಕೋರ್ +0.27, ಅಂತರ 1.8. ಸಾಮಾನ್ಯವಾಗಿ 1.6 ದಾಟಿದರೆ ತಪಾಸಣೆ ಬೇಕು ಅನ್ನುತ್ತಾರೆ. ಡಾಕ್ಟರಿಗೆ ತೋರಿಸಬೇಕಾದವನು ಇವನೇ. ಥೈರಾಯ್ಡ್, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ, ಬೆಳವಣಿಗೆ ಹಾರ್ಮೋನಿನ ಕೊರತೆ, ಯಾವುದಾದರೂ ಇರಬಹುದು. ಏನೂ ಇಲ್ಲದೆ ತಡವಾಗಿ ಬೆಳೆಯುವ ಜಾತಿಯೂ ಇರಬಹುದು.

ಲೆಕ್ಕ ಕೆಡೋದು ವಯಸ್ಸಿನಲ್ಲಿ. ಸ್ಕೂಲ್ ಸೇರಿಸಲು ಜೂನ್ 1 ಅಂತ ಬರೆಸಿದ ತಾರೀಖು ನಂಬಿದರೆ ಆರು ತಿಂಗಳು ತಪ್ಪಬಹುದು. ಅಷ್ಟಕ್ಕೇ ಸ್ಕೋರ್ ಸುಮಾರು 0.4 ಸರಿಯುತ್ತದೆ. ಅಪ್ಪನ ಎತ್ತರವನ್ನು ಬಾಯಿಮಾತಿನಲ್ಲಿ ಕೇಳಬೇಡಿ, ಎಲ್ಲರೂ ಎರಡು ಸೆಂ.ಮೀ. ಜಾಸ್ತಿ ಹೇಳ್ತಾರೆ.

ಇದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು. ಅಕ್ಕ 150 ಇರುವುದು ಬರೀ ವಂಶದಿಂದಲಾ? ನಮ್ಮ ಮನೆಯಲ್ಲಿ ಮುದ್ದೆ ಜೊತೆ ಹಾಲು ಮೊಟ್ಟೆ ಕಂಡಿದ್ದೇ ಅಪರೂಪ. ಹಸಿವಿನಿಂದ ಕುಗ್ಗಿದ ಎತ್ತರವನ್ನೇ ಗುರಿಯಾಗಿ ಇಟ್ಟರೆ, ಮಗನ ಕೊರತೆಯೂ "ವಂಶ" ಅನ್ನೋ ಪದದಡಿ ಮುಚ್ಚಿಹೋಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಇವರೆಲ್ಲರದ್ದೂ ವಂಶವಾ?

ಹಾಗಾಗಿ ಅಂತರ ಕಮ್ಮಿ ಅಂತ ನಾನು ಸುಮ್ಮನಾಗಲಿಲ್ಲ, ವರ್ಷಕ್ಕೆ ಎಷ್ಟು ಬೆಳೆದ ಅಂತ ನೋಡಿದೆ. ಈ ವಯಸ್ಸಿನಲ್ಲಿ 4 ಸೆಂ.ಮೀ.ಗಿಂತ ಕಡಿಮೆಯಾದರೆ ಡಾಕ್ಟರ್ ನೋಡಲೇಬೇಕು. ಅಕ್ಕನ ಮನೆ ಬಾಗಿಲ ಚೌಕಟ್ಟಿನ ಮೇಲೆ ಹೋದ ಯುಗಾದಿಯ ಪೆನ್ಸಿಲ್ ಗೆರೆ ಇತ್ತು, 119ರಲ್ಲಿ. ಈ ಯುಗಾದಿಗೆ 124.